ಬ್ರೋಕರ್‌ಗೆ ಕೊಟ್ಟ ಎಕ್ಸ್‌ಕ್ಲೂಸಿವ್ ಮ್ಯಾಂಡೇಟ್ ನಿಲ್ಲಿಸುವುದು ಹೇಗೆ: ನೋಟಿಸ್, ಗಿರಾಕಿ ಪಟ್ಟಿ, ಕಮಿಷನ್ ಲೆಕ್ಕ

ಬೆಂಗಳೂರಿನಲ್ಲಿ ಫ್ಲಾಟ್ ಇದೆ, ಮಾಲೀಕರು ಮೈಸೂರಿನಲ್ಲೋ ಅಮೆರಿಕದಲ್ಲೋ ಇದ್ದಾರೆ. ಮಾರಬೇಕು. ಒಬ್ಬ ಏಜೆಂಟ್ ಬಂದು ‘ನನಗೊಬ್ಬನಿಗೇ ಕೊಡಿ ಸಾರ್, ಹತ್ತು ಜನರ ಕೈಗೆ ಹೋದರೆ ರೇಟ್ ಬಿದ್ದುಹೋಗುತ್ತೆ’ ಅನ್ನುತ್ತಾರೆ. ಮಾತಿನಲ್ಲಿ ಅರ್ಥ ಇಲ್ಲದೆ ಇಲ್ಲ. ಆರು ತಿಂಗಳ ಎಕ್ಸ್‌ಕ್ಲೂಸಿವ್ ಮ್ಯಾಂಡೇಟ್‌ಗೆ ಸಹಿ ಬೀಳುತ್ತದೆ. ಮೂರು ತಿಂಗಳಾದರೂ ನೆಟ್ಟಗೆ ಒಬ್ಬ ಗಿರಾಕಿ ಬರುವುದಿಲ್ಲ. ಆಗ ಬರುವ ಪ್ರಶ್ನೆ: ಇವರನ್ನು ಬಿಡಿಸಿಕೊಳ್ಳುವುದು ಹೇಗೆ, ಬಿಡಿಸಿಕೊಂಡ ಮೇಲೂ ಕಮಿಷನ್ ಕೊಡಬೇಕಾ?

ಮ್ಯಾಂಡೇಟ್ ನಿಲ್ಲಿಸುವುದು ಕಷ್ಟದ ಕೆಲಸ ಅಲ್ಲ, ಒಂದು ಪತ್ರ ಸಾಕು. ಜಗಳ ಶುರುವಾಗುವುದು ಅದಾದ ಎರಡು ಮೂರು ತಿಂಗಳಿಗೆ. ಮನೆ ಮಾರಾಟವಾದ ಸುದ್ದಿ ಹಳೇ ಏಜೆಂಟ್ ಕಿವಿಗೆ ಬೀಳುತ್ತದೆ, ‘ಆ ಗಿರಾಕಿ ನನ್ನವನು’ ಎಂದು ಫೋನ್ ಬರುತ್ತದೆ. ಹಾಗಾಗಿ ಪತ್ರದ ಭಾಷೆಗಿಂತ ತಾರೀಖು ಮತ್ತು ಗಿರಾಕಿಗಳ ಪಟ್ಟಿಗೆ ಜಾಸ್ತಿ ಗಮನ ಕೊಡಿ. ಇಲ್ಲಿ ಹೇಳುವುದೆಲ್ಲ ಕರ್ನಾಟಕದಲ್ಲಿ ಹಳೇ ಮನೆ, ಫ್ಲಾಟ್ ಅಥವಾ ಸೈಟು ಮರುಮಾರಾಟ ಮಾಡುವವರಿಗೆ. ಇದಕ್ಕೆ ಆಧಾರ 1872ರ ಭಾರತೀಯ ಕರಾರು ಕಾಯ್ದೆಯಲ್ಲಿ ಏಜೆನ್ಸಿ ಬಗ್ಗೆ ಇರುವ ಅಧ್ಯಾಯ.

ಮೊದಲ ಹೆಜ್ಜೆ: ಸಹಿ ಹಾಕಿದ ಕಾಗದ ಓದಿ

ಕಾಗದ ಸಿಗದಿದ್ದರೆ ಮೇಲ್ ಮತ್ತು ವಾಟ್ಸಾಪ್ ಹುಡುಕಿ. ಷರತ್ತುಗಳನ್ನು ಮೇಲ್‌ನಲ್ಲಿ ಕಳಿಸಿ ನೀವು ‘ಓಕೆ’ ಅಂದಿದ್ದರೆ ಅದೂ ಒಪ್ಪಂದವೇ. ಸ್ಟಾಂಪ್ ಪೇಪರ್ ಇಲ್ಲ, ಹಾಗಾಗಿ ಲೆಕ್ಕಕ್ಕಿಲ್ಲ ಎಂದು ಕೂರಬೇಡಿ. ಸ್ಟಾಂಪ್ ಕೊರತೆಯನ್ನು ದಂಡ ಕಟ್ಟಿ ಸರಿಪಡಿಸಿಕೊಳ್ಳಲು ದಾರಿ ಇದೆ.

ಓದುವಾಗ ಮೊದಲು ನೋಡಬೇಕಾದದ್ದು ‘ಎಕ್ಸ್‌ಕ್ಲೂಸಿವ್’ ಅಂದರೆ ಎಷ್ಟರ ಮಟ್ಟಿಗೆ ಎಂಬುದು. ಕೆಲವು ಕಾಗದಗಳಲ್ಲಿ ಬೇರೆ ಬ್ರೋಕರ್‌ಗೆ ಕೊಡಬಾರದು ಎಂದಷ್ಟೇ ಇರುತ್ತದೆ. ಮಾಲೀಕರೇ ಸ್ವಂತವಾಗಿ ಗಿರಾಕಿ ಹುಡುಕಿಕೊಂಡರೆ ಕಮಿಷನ್ ಇಲ್ಲ. ಇನ್ನು ಕೆಲವದರಲ್ಲಿ ‘ಅವಧಿಯಲ್ಲಿ ಯಾರ ಮೂಲಕ ಮಾರಾಟವಾದರೂ’ ಕಮಿಷನ್ ಕೊಡಬೇಕು ಎಂದು ಬರೆದಿರುತ್ತಾರೆ. ಪಕ್ಕದ ಮನೆಯವರಿಗೆ ಮಾರಿದರೂ ಕೊಡಬೇಕು. ಈ ಎರಡರ ನಡುವಿನ ವ್ಯತ್ಯಾಸ ಲಕ್ಷ ರೂಪಾಯಿಗಳದ್ದು.

ಆಮೇಲೆ ಅವಧಿ. ಎಂದು ಶುರು, ಎಂದು ಮುಗಿಯುತ್ತದೆ, ಮುಗಿದ ಮೇಲೆ ತಾನಾಗಿ ಮುಂದುವರಿಯುತ್ತದಾ? ‘ಮುಗಿಯುವ 15 ದಿನ ಮೊದಲು ತಿಳಿಸದಿದ್ದರೆ ಇನ್ನು ಮೂರು ತಿಂಗಳು ಮುಂದುವರಿಯುತ್ತದೆ’ ಎಂಬ ಸಾಲು ಎಷ್ಟೋ ಕಡೆ ಕೊನೇ ಪುಟದಲ್ಲಿ ಸಣ್ಣ ಅಕ್ಷರದಲ್ಲಿರುತ್ತದೆ. ನೋಟಿಸ್ ಎಷ್ಟು ದಿನದ್ದು, ಹೇಗೆ ಕಳಿಸಬೇಕು ಎಂಬುದನ್ನೂ ಗುರುತು ಹಾಕಿಕೊಳ್ಳಿ.

ಕೊನೆಯದಾಗಿ ಬಾಲದ ಷರತ್ತು. ಮ್ಯಾಂಡೇಟ್ ಮುಗಿದ ಮೇಲೂ 60 ಅಥವಾ 90 ದಿನದೊಳಗೆ, ಏಜೆಂಟ್ ತೋರಿಸಿದ ಗಿರಾಕಿಗೇ ಮಾರಿದರೆ ಕಮಿಷನ್ ಕೊಡಬೇಕು ಎನ್ನುವ ಷರತ್ತು ಇದು. ಇದರಲ್ಲಿ ಅನ್ಯಾಯ ಏನೂ ಇಲ್ಲ. ಗಿರಾಕಿಯನ್ನು ನೋಡಿಕೊಂಡು, ಏಜೆಂಟ್‌ನನ್ನು ಕಳಿಸಿ, ಮರುದಿನ ಅವನಿಗೇ ಮಾರುವ ಮಾಲೀಕರೂ ಇದ್ದಾರಲ್ಲ.

ಎರಡನೇ ಹೆಜ್ಜೆ: ಯಾವ ದಾರಿಯಲ್ಲಿ ಹೊರಬರುತ್ತೀರಿ?

ಅವಧಿ ಮುಗಿಯಲು ಮೂರು ನಾಲ್ಕು ವಾರ ಮಾತ್ರ ಉಳಿದಿದ್ದರೆ ಸುಮ್ನೆ ಮುಗಿಯಲು ಬಿಡಿ. ‘ನವೀಕರಣ ಬೇಡ’ ಎಂದು ಮಾತ್ರ ಸಮಯಕ್ಕೆ ಬರೆದು ಕಳಿಸಿ.

ಅವಧಿ ಜಾಸ್ತಿ ಉಳಿದಿದೆ, ನೋಟಿಸ್ ಷರತ್ತೂ ಇದೆ ಅಂದರೆ ಆ ಷರತ್ತಿನ ಪ್ರಕಾರವೇ ಹೊರಬನ್ನಿ. ಕಾರಣ ಕೊಡುವ ಅಗತ್ಯ ಸಾಮಾನ್ಯವಾಗಿ ಇರುವುದಿಲ್ಲ. ಕೊಡದಿದ್ದರೇ ಒಳ್ಳೆಯದು. ‘ನೀವು ಕೆಲಸ ಮಾಡಲಿಲ್ಲ’ ಎಂದು ಬರೆದರೆ ಅವರು ಮಾಡಿದ ಕೆಲಸದ ಪಟ್ಟಿ ಕಳಿಸುತ್ತಾರೆ, ವಾದ ಬೇರೆ ಕಡೆಗೆ ತಿರುಗುತ್ತದೆ.

ತೊಡಕಿರುವುದು ಅವಧಿ ಇದ್ದು ನೋಟಿಸ್ ಷರತ್ತೇ ಇಲ್ಲದಿರುವಾಗ. ಆಗಲೂ ಏಜೆಂಟ್‌ನ ಅಧಿಕಾರವನ್ನು ನೀವು ಹಿಂದಕ್ಕೆ ತೆಗೆದುಕೊಳ್ಳಬಹುದು. ಆದರೆ ಕಾಯ್ದೆಯ 206ನೇ ಸೆಕ್ಷನ್ ಪ್ರಕಾರ ಸಮಂಜಸವಾದ ನೋಟಿಸ್ ಕೊಡಬೇಕು. ಇಷ್ಟು ಕಾಲ ಎಂದು ಒಪ್ಪಿಕೊಂಡು, ಸಾಕಷ್ಟು ಕಾರಣವಿಲ್ಲದೆ ಮೊದಲೇ ಮುರಿದರೆ 205ನೇ ಸೆಕ್ಷನ್ ಪ್ರಕಾರ ಪರಿಹಾರ ಕೊಡಬೇಕಾಗುತ್ತದೆ. ಈ ಪರಿಹಾರ ಅಂದರೆ ಪೂರ್ತಿ ಕಮಿಷನ್ ಅಂತ ಅಲ್ಲ. ಫೋಟೊ ತೆಗೆಸಿದ್ದು, ಪೋರ್ಟಲ್‌ಗಳಲ್ಲಿ ಹಣ ಕಟ್ಟಿ ಜಾಹೀರಾತು ಹಾಕಿದ್ದು ಇಂಥ ನಿಜವಾದ ನಷ್ಟದ ಮಾತು ಮೊದಲು ಬರುತ್ತದೆ. ‘ಮಧ್ಯದಲ್ಲಿ ಬಿಟ್ಟರೆ ಪೂರ್ತಿ 2% ದಂಡ’ ಎಂದು ಕಾಗದದಲ್ಲಿ ಬರೆದಿದ್ದರೂ ಆ ಮೊತ್ತ ತಾನಾಗಿ ಸಿಗುವುದಿಲ್ಲ. 74ನೇ ಸೆಕ್ಷನ್ ಅಡಿ ಬರೆದ ಮೊತ್ತ ಮೇಲಿನ ಮಿತಿ ಮಾತ್ರ. ಅದರೊಳಗೆ ನ್ಯಾಯವಾದದ್ದೆಷ್ಟು ಎಂದು ಕೋರ್ಟ್ ನಿರ್ಧರಿಸುತ್ತದೆ. ಇಂಥ ಸಂದರ್ಭದಲ್ಲಿ ಕೂತು ಮಾತಾಡಿ, ಜಾಹೀರಾತು ಖರ್ಚಿನ ಬಿಲ್ ನೋಡಿ ಕೊಟ್ಟು, ಇಬ್ಬರೂ ಸಹಿ ಹಾಕಿದ ಒಂದು ಪುಟದ ಬಿಡುಗಡೆ ಪತ್ರ ಮಾಡಿಕೊಳ್ಳುವುದೇ ಜಾಣತನ.

ಏಜೆಂಟ್ ನಿಜಕ್ಕೂ ಮೋಸ ಮಾಡಿದ್ದರೆ ವಿಷಯ ಬೇರೆ. ಗಿರಾಕಿ ಹೇಳಿದ ಬೆಲೆಯನ್ನು ನಿಮಗೆ ಕಡಿಮೆ ಮಾಡಿ ಹೇಳುವುದು, ತನ್ನ ಸಂಬಂಧಿಕರ ಹೆಸರಲ್ಲಿ ತಾನೇ ಕೊಳ್ಳಲು ನೋಡುವುದು, ನಡುವೆ ಮೇಲುಹಣ ಇಟ್ಟುಕೊಳ್ಳುವುದು. ಇವು ಸಾಬೀತಾದರೆ ಸಾಕಷ್ಟು ಕಾರಣವೂ ಸಿಕ್ಕಂತೆ, 220ನೇ ಸೆಕ್ಷನ್ ಪ್ರಕಾರ ಆ ಕೆಲಸದ ಕಮಿಷನ್ನೂ ಕೈತಪ್ಪುತ್ತದೆ. ಆದರೆ ಆರೋಪ ಮಾಡುವ ಮೊದಲು ಆ ಗಿರಾಕಿಯ ಮೆಸೇಜ್ ಅಥವಾ ಮೇಲ್ ನಿಮ್ಮ ಕೈಯಲ್ಲಿರಲಿ.

ಇನ್ನೊಂದು ಮಾತು. ‘ಇದನ್ನು ಹಿಂಪಡೆಯುವಂತಿಲ್ಲ’ ಎಂಬ ಸಾಲು ಕಂಡು ಹೆದರಬೇಡಿ. ಆಸ್ತಿಯಲ್ಲೇ ಏಜೆಂಟ್‌ಗೆ ಹಿತಾಸಕ್ತಿ ಇದ್ದರೆ ಮಾತ್ರ 202ನೇ ಸೆಕ್ಷನ್ ಅಡ್ಡ ಬರುತ್ತದೆ. ಅಂದರೆ ಅವರು ನಿಮಗೆ ಸಾಲ ಕೊಟ್ಟು, ಮನೆ ಮಾರಿ ಆ ಹಣದಲ್ಲಿ ವಸೂಲಿ ಮಾಡಿಕೊಳ್ಳಲು ಅಧಿಕಾರ ಪಡೆದಿದ್ದರೆ. ಕಮಿಷನ್ ಬರುತ್ತದೆ ಎಂಬ ನಿರೀಕ್ಷೆ ಆ ಬಗೆಯ ಹಿತಾಸಕ್ತಿ ಅಲ್ಲ. ಮ್ಯಾಂಡೇಟ್ ಜೊತೆಗೆ ಜಿಪಿಎ ಅಥವಾ ಮುಂಗಡ ಪಡೆದ ಅಗ್ರಿಮೆಂಟ್‌ಗೂ ಸಹಿ ಹಾಕಿದ್ದರೆ ಮಾತ್ರ ಈ ಲೇಖನ ನಂಬಿ ಮುಂದುವರಿಯಬೇಡಿ, ವಕೀಲರ ಹತ್ತಿರ ಹೋಗಿ.

ಮೂರನೇ ಹೆಜ್ಜೆ: ನೋಟಿಸ್ ಕೊಡುವ ಮೊದಲೇ ಗಿರಾಕಿ ಪಟ್ಟಿ ಕೇಳಿ

ನೋಟಿಸ್ ಕೈಸೇರಿದ ಮೇಲೆ ಪಟ್ಟಿ ಕೇಳಿದರೆ ಅದು ಒಂದೇ ರಾತ್ರಿಯಲ್ಲಿ ಉದ್ದ ಬೆಳೆಯುತ್ತದೆ. ಏಜೆಂಟ್‌ನ ಫೋನ್‌ನಲ್ಲಿರುವ ಹೆಸರುಗಳೆಲ್ಲ ನಿಮ್ಮ ಮನೆಗೆ ಗಿರಾಕಿಗಳಾಗಿಬಿಡುತ್ತವೆ. ಆದ್ದರಿಂದ ಒಂದು ವಾರ ಮೊದಲೇ, ಮಾಮೂಲಿ ವಿಚಾರಿಸುವ ಧಾಟಿಯಲ್ಲಿ ಮೆಸೇಜ್ ಹಾಕಿ: ‘ಇದುವರೆಗೆ ಮನೆ ನೋಡಿದವರು ಯಾರು, ಯಾವ ತಾರೀಖು, ಏನು ರೇಟ್ ಹೇಳಿದರು, ಒಂದು ಮೇಲ್ ಮಾಡ್ತೀರಾ?’ ಇದು ಕುತಂತ್ರ ಏನಲ್ಲ. ಕೇಳಿದಾಗ ಸರಿಯಾದ ಲೆಕ್ಕ ಕೊಡುವುದು ಏಜೆಂಟ್‌ನ ಕರ್ತವ್ಯ ಎಂದು 213ನೇ ಸೆಕ್ಷನ್ನೇ ಹೇಳುತ್ತದೆ.

ಪಟ್ಟಿಯನ್ನು ಅಪಾರ್ಟ್‌ಮೆಂಟಿನ ಗೇಟ್ ದಾಖಲೆ ಜೊತೆ ಹೋಲಿಸಿ ನೋಡಿ. ಬಹುತೇಕ ಕಡೆ ಈಗ ಸೆಕ್ಯುರಿಟಿ ಆ್ಯಪ್‌ನಲ್ಲೇ ಯಾರು ಎಂದು ಬಂದರು ಎಂಬುದು ಉಳಿದಿರುತ್ತದೆ. ಹಳೆಯದು ಅಳಿಸಿಹೋಗುವ ಮೊದಲು ಸ್ಕ್ರೀನ್‌ಶಾಟ್ ತೆಗೆದಿಡಿ. ಇಷ್ಟು ಮಾಡಿದವರಿಗೆ ಮುಂದಿನ ಅರ್ಧ ತಲೆನೋವು ಇರುವುದಿಲ್ಲ.

ನಾಲ್ಕನೇ ಹೆಜ್ಜೆ: ನೋಟಿಸ್ ಬರೆದು ಕಳಿಸುವುದು

ಮ್ಯಾಂಡೇಟ್‌ಗೆ ಗಂಡ ಹೆಂಡತಿ ಇಬ್ಬರೂ ಸಹಿ ಹಾಕಿದ್ದರೆ ನೋಟಿಸ್‌ಗೂ ಇಬ್ಬರೂ ಹಾಕಿ. ಏಜೆಂಟ್ ಹುಡುಗನ ವೈಯಕ್ತಿಕ ನಂಬರಿಗೆ ಕಳಿಸಿ ಸುಮ್ಮನಾಗಬೇಡಿ. ಒಪ್ಪಂದದಲ್ಲಿರುವ ಸಂಸ್ಥೆಯ ಹೆಸರಿಗೆ, ಅಲ್ಲಿರುವ ವಿಳಾಸಕ್ಕೇ ಕಳಿಸಿ. ಬರಹ ಹೀಗಿದ್ದರೆ ಸಾಕು:

> ನಮ್ಮ ಫ್ಲಾಟ್ (ನಂಬರ್, ಕಟ್ಟಡ, ಬಡಾವಣೆ) ಮಾರಾಟಕ್ಕಾಗಿ ಮಾರ್ಚ್ 1ರಂದು ನಿಮಗೆ ಕೊಟ್ಟಿರುವ ಎಕ್ಸ್‌ಕ್ಲೂಸಿವ್ ಮ್ಯಾಂಡೇಟನ್ನು ಅದರ 7ನೇ ಷರತ್ತಿನ ಪ್ರಕಾರ 30 ದಿನಗಳ ಈ ನೋಟಿಸ್ ಮೂಲಕ ಕೊನೆಗೊಳಿಸುತ್ತಿದ್ದೇವೆ. ನೋಟಿಸ್ ಅವಧಿ ಮುಗಿದ ದಿನದಿಂದ ನಮ್ಮ ಪರವಾಗಿ ಗಿರಾಕಿಗಳ ಜೊತೆ ಮಾತನಾಡಲು, ಟೋಕನ್ ಪಡೆಯಲು ನಿಮಗಾಗಲಿ ನಿಮ್ಮ ಜೊತೆಗಿನ ಬೇರೆ ಏಜೆಂಟರಿಗಾಗಲಿ ಅಧಿಕಾರ ಇರುವುದಿಲ್ಲ. ನೀವು ಇದುವರೆಗೆ ತೋರಿಸಿರುವ ಗಿರಾಕಿಗಳ ಪಟ್ಟಿಯನ್ನು, ನಿಮ್ಮ ಮೇಲ್‌ನಲ್ಲಿ ಇದ್ದಂತೆ, ಇದರ ಜೊತೆ ಇಟ್ಟಿದ್ದೇವೆ. ಬಿಟ್ಟುಹೋದ ಹೆಸರಿದ್ದರೆ ಮನೆ ನೋಡಿದ ತಾರೀಖಿನ ದಾಖಲೆ ಸಮೇತ 7 ದಿನಗಳೊಳಗೆ ತಿಳಿಸಿ. ಕೀಲಿ ಮತ್ತು ದಾಖಲೆಗಳನ್ನು ಹಿಂತಿರುಗಿಸಿ, ಜಾಹೀರಾತುಗಳನ್ನು ತೆಗೆಯಿರಿ.

ಇದನ್ನು ಮೇಲ್ ಮಾಡಿ, ಅಂಚೆಯಲ್ಲೂ ಕಳಿಸಿ. ಹಳೇ ಒಪ್ಪಂದಗಳಲ್ಲಿ ‘ರಿಜಿಸ್ಟರ್ಡ್ ಪೋಸ್ಟ್ ಮೂಲಕ’ ಎಂದಿರುತ್ತದೆ. 2025ರ ಸೆಪ್ಟೆಂಬರ್ 1ರಿಂದ ಅದು ಸ್ಪೀಡ್ ಪೋಸ್ಟ್‌ನಲ್ಲಿ ಸೇರಿಹೋಗಿದೆ. ಕೌಂಟರ್‌ನಲ್ಲಿ ಸ್ಪೀಡ್ ಪೋಸ್ಟ್‌ಗೆ ರಿಜಿಸ್ಟ್ರೇಷನ್ ಸೇವೆ ಮತ್ತು ತಲುಪಿದ್ದಕ್ಕೆ ಪುರಾವೆ ಎರಡನ್ನೂ ಕೇಳಿ ಪಡೆಯಿರಿ. ರಸೀದಿ ಇಟ್ಟುಕೊಳ್ಳಿ, ಟ್ರ್ಯಾಕಿಂಗ್ ಪುಟದ ಸ್ಕ್ರೀನ್‌ಶಾಟನ್ನೂ ಆಗಲೇ ತೆಗೆಯಿರಿ. ಏಜೆಂಟ್ ಲಕೋಟೆ ತೆಗೆದುಕೊಳ್ಳದೆ ವಾಪಸ್ ಕಳಿಸಿದರೆ ಅದನ್ನು ಒಡೆಯಬೇಡಿ. ಷರಾ ಸಮೇತ ಹಾಗೇ ಇಡಿ.

ತಲುಪಿದ ದಿನ ಯಾಕೆ ಮುಖ್ಯ ಅಂದರೆ, 208ನೇ ಸೆಕ್ಷನ್ ಪ್ರಕಾರ ಅಧಿಕಾರ ಹಿಂಪಡೆದದ್ದು ಏಜೆಂಟ್‌ಗೆ ತಿಳಿದಾಗಲೇ ಅವನ ಮಟ್ಟಿಗೆ ಜಾರಿಗೆ ಬರುತ್ತದೆ. ಬೇರೆಯವರ ಮಟ್ಟಿಗೆ ಅವರಿಗೆ ತಿಳಿದಾಗ. ಇದು ಪುಸ್ತಕದ ಮಾತಲ್ಲ. ನಿಮ್ಮ ಏಜೆಂಟ್ ಮನೆಯ ವಿವರವನ್ನು ಬ್ರೋಕರ್‌ಗಳ ವಾಟ್ಸಾಪ್ ಗುಂಪುಗಳಲ್ಲಿ ಹಂಚಿರುತ್ತಾರೆ. ಏಜೆಂಟ್‌ನ ಅಧಿಕಾರ ಹೋದರೆ ಅವನ ಕೈಕೆಳಗಿನವರದ್ದೂ ಹೋಗುತ್ತದೆ, ನಿಜ. ಆದರೆ ಅದು ಗೊತ್ತಿಲ್ಲದ ಗಿರಾಕಿಯೊಬ್ಬ ಅವರ ಕೈಗೆ ಟೋಕನ್ ಕೊಟ್ಟುಬಿಟ್ಟರೆ? ಮನೆ ಬ್ರೋಕರ್‌ಗೆ ಗಿರಾಕಿ ಹುಡುಕುವ ಅಧಿಕಾರ ಇರುತ್ತದೆಯೇ ಹೊರತು ಮಾಲೀಕರ ಪರವಾಗಿ ಮಾರಾಟದ ಒಪ್ಪಂದ ಮಾಡಿಕೊಳ್ಳುವ ಅಧಿಕಾರ ಅಷ್ಟರಿಂದಲೇ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟ್ 1950ರಲ್ಲೇ ಹೇಳಿದೆ. ಆದರೂ ಟೋಕನ್ ಕೊಟ್ಟವರು ಬಂದು ನಿಲ್ಲುವುದು ನಿಮ್ಮ ಮನೆ ಬಾಗಿಲಿಗೇ. ಹಾಗಾಗಿ ಪಟ್ಟಿಯಲ್ಲಿರುವ ಗಂಭೀರ ಗಿರಾಕಿಗಳಿಗೆ, ಅಪಾರ್ಟ್‌ಮೆಂಟ್ ಆಫೀಸಿಗೆ ಎರಡು ಸಾಲಿನ ಮೆಸೇಜ್ ಹಾಕಿಬಿಡಿ.

ಐದನೇ ಹೆಜ್ಜೆ: ಕೀಲಿ, ಕಾಗದಪತ್ರ, ಜಾಹೀರಾತು

ಕೀಲಿ ವಾಪಸ್ ಪಡೆದು ಸಹಿ ಹಾಕಿಸಿಕೊಳ್ಳಿ. ಪೋರ್ಟಲ್‌ಗಳಲ್ಲಿ ಹಳೇ ಜಾಹೀರಾತು ಉಳಿದರೆ ನಿಮ್ಮದೇ ಮನೆ ಎರಡು ಬೆಲೆಗೆ ಕಾಣುತ್ತದೆ. ಹೊಸ ಗಿರಾಕಿ ಕಡಿಮೆ ಬೆಲೆಯದ್ದನ್ನೇ ಹಿಡಿದುಕೊಂಡು ಚೌಕಾಸಿ ಮಾಡುತ್ತಾನೆ.

ಮೂಲ ಕ್ರಯಪತ್ರ, ಖಾತಾ ಕಾಗದಗಳನ್ನು ಏಜೆಂಟ್ ಕೈಗೆ ಕೊಟ್ಟಿದ್ದೀರಾ? ಹಾಗಿದ್ದರೆ ಸ್ವಲ್ಪ ಹುಷಾರು. 221ನೇ ಸೆಕ್ಷನ್ ಪ್ರಕಾರ, ಬೇರೆ ರೀತಿ ಒಪ್ಪಂದ ಆಗಿರದಿದ್ದರೆ, ನ್ಯಾಯವಾಗಿ ಬರಬೇಕಾದ ಕಮಿಷನ್ ಅಥವಾ ಖರ್ಚು ಬಾಕಿ ಇರುವ ತನಕ ಏಜೆಂಟ್ ಮಾಲೀಕರ ಕಾಗದಗಳನ್ನು ಇಟ್ಟುಕೊಳ್ಳಬಹುದು. ಬಾಕಿಯೇ ಇಲ್ಲದಿದ್ದರೆ ಆ ಹಕ್ಕೂ ಇಲ್ಲ. ಆದರೂ ‘ಬಾಕಿ ಇದೆ’ ಎಂದು ವಾದಿಸಲು ಅದೊಂದು ನೆಪ. ಮೊದಲು ಕಾಗದ ವಾಪಸ್ ತರಿಸಿಕೊಳ್ಳಿ, ನೋಟಿಸ್ ಆಮೇಲೆ. ಗಿರಾಕಿಗೆ ತೋರಿಸಲು ಜೆರಾಕ್ಸ್ ಸಾಕು, ಮೂಲ ಪ್ರತಿ ಬೇಕೇ ಇಲ್ಲ.

ಆರನೇ ಹೆಜ್ಜೆ: ಕಮಿಷನ್ ಯಾವಾಗ ಕೊಡಬೇಕು, ಯಾವಾಗ ಬೇಡ

ಬೇರೆ ಷರತ್ತು ಇಲ್ಲದಿದ್ದರೆ ವಹಿಸಿದ ಕೆಲಸ ಮುಗಿದ ಮೇಲೆಯೇ ಏಜೆಂಟ್‌ಗೆ ಸಂಭಾವನೆ ಎಂಬುದು 219ನೇ ಸೆಕ್ಷನ್‌ನ ನಿಯಮ. ಹಾಗಾದರೆ ಕೆಲಸ ಅಂದರೆ ಯಾವುದು? ಗಿರಾಕಿ ತೋರಿಸುವುದಾ, ಅಗ್ರಿಮೆಂಟ್ ಆಗುವುದಾ, ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಕ್ರಯಪತ್ರ ನೋಂದಣಿ ಆಗುವುದಾ? ಅದು ನಿಮ್ಮ ಕಾಗದದ ಮಾತು. ‘ಅಗ್ರಿಮೆಂಟ್ ದಿನ ಅರ್ಧ, ನೋಂದಣಿ ದಿನ ಅರ್ಧ’ ಎಂದಿದ್ದರೆ ಅದೇ ಪ್ರಕಾರ.

ಒಂದು ಲೆಕ್ಕ ಹಾಕಿ ನೋಡೋಣ. ಕೇಳಿದ ಬೆಲೆ ₹95 ಲಕ್ಷ. ಮಾರ್ಚ್ 1ರಿಂದ ಆಗಸ್ಟ್ 31ರವರೆಗೆ ಮ್ಯಾಂಡೇಟ್. ಕಮಿಷನ್ 2%, ಏಜೆಂಟ್ ಜಿಎಸ್‌ಟಿ ನೋಂದಣಿ ಮಾಡಿಸಿದ್ದಾರೆ. ಯಾರ ಮೂಲಕ ಮಾರಾಟವಾದರೂ ಕಮಿಷನ್ ಎಂಬ ಷರತ್ತಿದೆ. ಅವಧಿಯೊಳಗೆ ಅಗ್ರಿಮೆಂಟ್ ಆದರೆ ಮಾರಾಟ ಆದಂತೆ ಎಂದೂ ಬರೆದಿದೆ. ನೋಟಿಸ್ ತಲುಪಿದ ದಿನದಿಂದ 30 ದಿನ, ಬಾಲ 90 ದಿನ. ಮಾಲೀಕರು ಕಳಿಸಿದ ಅಂಚೆ ಜೂನ್ 8ರಂದು ತಲುಪಿತು.

ತಲುಪಿದ ದಿನ ಬಿಟ್ಟು ಎಣಿಸಿದರೆ ಜೂನ್ 9 ಮೊದಲ ದಿನ, ಜುಲೈ 8 ಮೂವತ್ತನೇ ದಿನ. ಅಲ್ಲಿಗೆ ಮ್ಯಾಂಡೇಟ್ ಮುಗಿಯಿತು. ಜುಲೈ 9ರಿಂದ ಬಾಲ ಶುರು, ಅಕ್ಟೋಬರ್ 6ಕ್ಕೆ 90 ದಿನ ಪೂರ್ತಿ. ಈ ಎರಡು ತಾರೀಖುಗಳನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ.

ಏಪ್ರಿಲ್‌ನಲ್ಲಿ ಏಜೆಂಟ್ ಕರೆತಂದಿದ್ದ ಒಬ್ಬ ಗಿರಾಕಿ ಸೆಪ್ಟೆಂಬರ್ 20ಕ್ಕೆ ತಾನೇ ಫೋನ್ ಮಾಡಿ ₹92 ಲಕ್ಷಕ್ಕೆ ಅಗ್ರಿಮೆಂಟ್ ಮಾಡಿಕೊಂಡ. ಹೆಸರು ಪಟ್ಟಿಯಲ್ಲಿದೆ, ಬಾಲವೂ ಮುಗಿದಿಲ್ಲ. ಕಮಿಷನ್ ಕೊಡಲೇಬೇಕು. ಮಾರಿದ ಬೆಲೆಯ ಮೇಲೆ 2% ಅಂದರೆ ₹1,84,000. ಅದರ ಮೇಲೆ 18% ಜಿಎಸ್‌ಟಿ ₹33,120. ಒಟ್ಟು ₹2,17,120. ಅಗ್ರಿಮೆಂಟನ್ನು ಅವನ ಬಾಮೈದನ ಹೆಸರಿಗೆ ಬರೆದರೂ ತಪ್ಪಿಸಿಕೊಂಡಂತಲ್ಲ. ಮೇಲೆ ಹೇಳಿದ 1950ರ ಪ್ರಕರಣ ಕಲ್ಕತ್ತಾದ ಒಂದು ಮನೆಯದ್ದು. ಅಲ್ಲೂ ಬ್ರೋಕರ್ ತಂದ ಗಿರಾಕಿಗಳ ಕಡೆಯವರಿಗೇ ಮಾಲೀಕರು ಮಾರಿದ್ದರು. ಬ್ರೋಕರ್‌ಗೆ ಕಮಿಷನ್ ಸಲ್ಲಬೇಕು ಎಂದೇ ಕೋರ್ಟ್ ತೀರ್ಮಾನಿಸಿತು.

ಜೂನ್ 20ರಂದು, ನೋಟಿಸ್ ಅವಧಿ ನಡೆಯುತ್ತಿರುವಾಗಲೇ, ಮಾಲೀಕರ ಸಹೋದ್ಯೋಗಿಯೊಬ್ಬರು ಮನೆ ಕೇಳಿದರು ಎಂದುಕೊಳ್ಳಿ. ಜುಲೈ 8ರೊಳಗೆ ಅಗ್ರಿಮೆಂಟ್ ಮಾಡಿದರೆ ಈ ಷರತ್ತಿನ ಪ್ರಕಾರ ಕಮಿಷನ್ ಬೀಳುತ್ತದೆ. ಏಕೆಂದರೆ ನೋಟಿಸ್ ಕೊಟ್ಟಿದ್ದರೂ ಎಕ್ಸ್‌ಕ್ಲೂಸಿವ್ ಹಕ್ಕು ಇನ್ನೂ ಜೀವಂತವಾಗಿದೆ. ಬಹಳ ಜನ ಎಡವುವುದು ಇಲ್ಲೇ. ಜುಲೈ 8 ಕಳೆದ ಮೇಲೆ ಮಾಡಿದರೆ, ಸಹೋದ್ಯೋಗಿಯನ್ನು ತೋರಿಸಿದ್ದು ಏಜೆಂಟ್ ಅಲ್ಲವಾದ್ದರಿಂದ ಬಾಲದ ಷರತ್ತೂ ತಾಗುವುದಿಲ್ಲ. ಆದರೆ ಕಾಗದದಲ್ಲಿ ‘ಅವಧಿಯಲ್ಲಿ ಮಾತುಕತೆ ಶುರುವಾದ ಯಾವುದೇ ಗಿರಾಕಿ’ ಎಂದಿದ್ದರೆ ಉತ್ತರ ಬದಲಾಗಬಹುದು. ಅದಕ್ಕೇ ಮೊದಲ ಹೆಜ್ಜೆಯಲ್ಲಿ ಅಷ್ಟು ಒತ್ತಿ ಹೇಳಿದ್ದು.

ಆಗಸ್ಟ್‌ನಲ್ಲಿ ಹೊಸ ಏಜೆಂಟ್ ಒಬ್ಬರು ಪೂರಾ ಹೊಸ ಗಿರಾಕಿಯನ್ನು ತಂದರೆ ಹಳಬರಿಗೆ ಏನೂ ಇಲ್ಲ. ಅಪಾಯ ಇರುವುದು ಹೊಸ ಏಜೆಂಟ್ ತಂದ ಗಿರಾಕಿ ಹಳೇ ಪಟ್ಟಿಯಲ್ಲೂ ಇದ್ದಾಗ. ಆಗ ಇಬ್ಬರಿಗೂ ಕೊಡುವ ಪರಿಸ್ಥಿತಿ ಬರಬಹುದು, ₹92 ಲಕ್ಷದ ಮೇಲೆ ನಾಲ್ಕು ಲಕ್ಷಕ್ಕೂ ಮೀರಿ. ಹೊಸ ಒಪ್ಪಂದಕ್ಕೆ ಸಹಿ ಹಾಕುವಾಗಲೇ ಹಳೇ ಪಟ್ಟಿಯ ಹೆಸರುಗಳನ್ನು ಕೊಟ್ಟು, ‘ಅಕ್ಟೋಬರ್ 6ರವರೆಗೆ ಇವರಿಗೆ ಮಾರಿದರೆ ನಿಮಗೆ ಕಮಿಷನ್ ಇಲ್ಲ’ ಎಂದು ಬರೆಸಿಕೊಳ್ಳಿ. ಒಳ್ಳೆಯ ಏಜೆಂಟರು ಇದಕ್ಕೆ ಬೇಜಾರು ಮಾಡಿಕೊಳ್ಳುವುದಿಲ್ಲ. ಮಾಡಿಕೊಂಡರೆ ಅದೂ ನಿಮಗೆ ಒಂದು ಸೂಚನೆ.

ಜಗಳ ಬಂದೇ ಬಂದರೆ

ಹಳೇ ಏಜೆಂಟ್ ಬಿಲ್ ಕಳಿಸಿದರೆ ಫೋನಿನಲ್ಲಿ ವಾದ ಮಾಡಬೇಡಿ. ‘ಯಾವ ಷರತ್ತಿನ ಪ್ರಕಾರ, ಯಾವ ಗಿರಾಕಿಗೆ, ಅವರಿಗೆ ಮನೆ ತೋರಿಸಿದ ತಾರೀಖು ಯಾವುದು?’ ಎಂದು ಮೇಲ್‌ನಲ್ಲಿ ಕೇಳಿ. ಹುರುಳಿಲ್ಲದ ಬೇಡಿಕೆಗಳು ಸಾಮಾನ್ಯವಾಗಿ ಇಲ್ಲಿಗೇ ತಣ್ಣಗಾಗುತ್ತವೆ. ಹುರುಳಿದೆ ಅನ್ನಿಸಿದರೆ ಕೊಟ್ಟು, ‘ಪೂರ್ಣ ಪಾವತಿ, ಮುಂದೆ ಯಾವುದೇ ಬೇಡಿಕೆ ಇಲ್ಲ’ ಎಂದು ಬರೆಸಿಕೊಳ್ಳಿ.

‘ರೇರಾಕ್ಕೆ ದೂರು ಕೊಡ್ತೀನಿ’ ಎಂಬ ಮಾತು ಎರಡೂ ಕಡೆಯಿಂದ ಕೇಳಿಬರುತ್ತದೆ. 2016ರ ರೇರಾ ಕಾಯ್ದೆ ಏಜೆಂಟರ ನೋಂದಣಿಯನ್ನು ಕಡ್ಡಾಯ ಮಾಡಿರುವುದು ಅಲ್ಲಿ ನೋಂದಣಿಯಾದ ಪ್ರಾಜೆಕ್ಟ್‌ಗಳ ಮಾರಾಟಕ್ಕೆ. ಇಪ್ಪತ್ತು ವರ್ಷ ಹಳೆಯ ಫ್ಲಾಟಿನ ಮರುಮಾರಾಟದ ಕಮಿಷನ್ ಜಗಳಕ್ಕೆ ಅದು ಸಾಮಾನ್ಯವಾಗಿ ಸರಿಯಾದ ಜಾಗ ಅಲ್ಲ. ಏಜೆಂಟ್ ತನ್ನ ಕಮಿಷನ್ ವಸೂಲಿಗೆ ಸಿವಿಲ್ ಕೋರ್ಟಿಗೆ ಹೋಗಬೇಕು, ಅದಕ್ಕೆ ಸಾಮಾನ್ಯವಾಗಿ ಮೂರು ವರ್ಷದ ಕಾಲಮಿತಿ ಇದೆ. ಒಪ್ಪಂದದಲ್ಲಿ ಆರ್ಬಿಟ್ರೇಷನ್ ಷರತ್ತಿದ್ದರೆ ಮೊದಲು ಅದು. ನೋಟಿಸ್ ರಸೀದಿ, ಪಟ್ಟಿಯ ಮೇಲ್, ಗೇಟ್ ದಾಖಲೆ ಇವಿಷ್ಟನ್ನು ಮಾರಾಟ ಮುಗಿದ ಮೇಲೂ ಆ ಮೂರು ವರ್ಷ ಎಸೆಯದೆ ಇಟ್ಟುಕೊಳ್ಳಿ.